ಮೊದಲ ಎಂಟು ಗಂಟೆ: ಪ್ಯಾರಾಸಿಟಮಾಲ್ ಜಾಸ್ತಿಯಾದಾಗ ಲಿವರ್‌ನಲ್ಲಿ ಏನಾಗುತ್ತದೆ?

(ಔಷಧ ಅಂಗಡಿಯವರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸುಮ್ನೆ ಕುತೂಹಲಕ್ಕೆ ಬಂದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ತರುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಲೆಕ್ಕ ಹೇಳುತ್ತೇನೆ. 1979ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯ ಲಾರಿ ಪ್ರೆಸ್ಕಾಟ್ ಮತ್ತು ಅವರ ಜೊತೆಗಾರರು 100 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರದ್ದೂ ಪ್ಯಾರಾಸಿಟಮಾಲ್ ವಿಷವೇರಿದ ಗಂಭೀರ ಪ್ರಕರಣ. ಎಲ್ಲರಿಗೂ ಒಂದೇ ಮದ್ದನ್ನು ರಕ್ತನಾಳದ ಮೂಲಕ ಕೊಟ್ಟಿದ್ದರು. ನುಂಗಿದ ಎಂಟು ಗಂಟೆಯೊಳಗೆ ಮದ್ದು ಸಿಕ್ಕಿದವರು 40 ಜನ. ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ಎಎಲ್‌ಟಿ ಎಂಬ ಕಿಣ್ವ ಇದೆ. ಈ 40 ಜನರಲ್ಲಿ ಅದು ಏರಿದ ಗರಿಷ್ಠ ಮಟ್ಟದ ಸರಾಸರಿ ಬರೀ 27. ಅದು ನಿಮ್ಮ ನನ್ನ ರಕ್ತದಲ್ಲಿ ಇರುವಷ್ಟೇ. ಅಂದರೆ ಲಿವರ್‌ಗೆ ಏನೂ ಆಗಿಲ್ಲ ಅನ್ನಬಹುದು. ಹತ್ತು ಗಂಟೆಯೊಳಗೆ ಸಿಕ್ಕಿದವರನ್ನೆಲ್ಲ ಸೇರಿಸಿದರೆ 62 ಜನ. ಅವರಲ್ಲಿ ಒಬ್ಬರಿಗೆ ಮಾತ್ರ ಲಿವರ್ ತೀವ್ರವಾಗಿ ಕೆಟ್ಟಿತು. ಈ ಮದ್ದು ಇಲ್ಲದೆ ಬರೀ ಆರೈಕೆ ಪಡೆದಿದ್ದ ಹಳೆಯ 57 ರೋಗಿಗಳಲ್ಲಿ 33 ಜನರಿಗೆ ಹಾಗಾಗಿತ್ತು. ಹದಿನೈದು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ಮದ್ದು ಕೆಲಸವನ್ನೇ ಮಾಡಲಿಲ್ಲ ಎಂದು ಅವರು ಬರೆದರು.

ಒಂದೇ ಮದ್ದು, ಒಂದೇ ವಿಷ. ಬೆಳಗ್ಗೆ ಕೊಟ್ಟರೆ ಪೂರ್ತಿ ರಕ್ಷಣೆ, ರಾತ್ರಿ ಕೊಟ್ಟರೆ ಇಲ್ಲ. ಯಾಕೆ? ಇವತ್ತು ಇದೊಂದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮಲ್ಲಿ ಈ ಮಾತ್ರೆ ಗೊತ್ತಿಲ್ಲದವರು ಯಾರೂ ಇಲ್ಲ. ಕ್ರೋಸಿನ್, ಕ್ಯಾಲ್ಪಾಲ್, ಡೋಲೋ 650, ಹೆಸರು ಯಾವುದೇ ಇರಲಿ, ಒಳಗಿರುವುದು ಪ್ಯಾರಾಸಿಟಮಾಲ್. ಹೇಳಿದಷ್ಟೇ ತೆಗೆದುಕೊಂಡರೆ ಇದು ಬಹಳ ಸಾಧು ಮಾತ್ರೆ, ಹೊಟ್ಟೆ ಉರಿಸಲ್ಲ, ರಕ್ತ ತೆಳು ಮಾಡಲ್ಲ, ಗರ್ಭಿಣಿಗೂ ಮಗುವಿಗೂ ವೈದ್ಯರು ಕೊಡುವುದು ಇದನ್ನೇ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ ಎಂಬುದು ಎಲ್ಲ ಕಡೆ ಒಪ್ಪಿಕೊಂಡ ಮಿತಿ. ತೂಕ ಕಡಿಮೆ ಇರುವವರಿಗೆ, ನಿತ್ಯ ಕುಡಿಯುವವರಿಗೆ ಇನ್ನೂ ಕಡಿಮೆ. ಆ ಮಿತಿ ಎಷ್ಟು ದಾಟಿದರೆ ಅಪಾಯ, ಎಷ್ಟು ಮಾತ್ರೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಜಾಸ್ತಿ ಹೋಗಿದೆ ಅಂತ ಅನುಮಾನ ಬಂದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು, ಅಷ್ಟೇ.

ಈಗ ಲಿವರ್ ಒಳಗೆ ಹೋಗೋಣ.

ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಲಿವರ್‌ಗೆ ಬರುತ್ತದೆ. ಲಿವರ್ ಅದಕ್ಕೆ ಒಂದು ಸಕ್ಕರೆಯಂಥ ತುಣುಕನ್ನೋ ಗಂಧಕದ ಒಂದು ತುಣುಕನ್ನೋ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ನೂರರಲ್ಲಿ ತೊಂಬತ್ತರಷ್ಟು ಹೋಗುವುದು ಈ ಎರಡು ದಾರಿಯಲ್ಲೇ. ಇದರಿಂದ ಯಾರಿಗೂ ತೊಂದರೆ ಇಲ್ಲ. ಉಳಿದ ಸ್ವಲ್ಪ ಭಾಗ, ನೂರಕ್ಕೆ ಐದರಿಂದ ಹತ್ತು ಅಂತಿಟ್ಟುಕೊಳ್ಳಿ, ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಇದೆ. ಅದು ಪ್ಯಾರಾಸಿಟಮಾಲನ್ನು ನ್ಯಾಪ್‌ಕ್ವಿ ಎಂಬ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಹೆಸರು ವಿಚಿತ್ರವಾಗಿದೆ, ಆದರೆ ಇವತ್ತಿನ ಕಥೆಯ ಖಳನಾಯಕ ಇವನೇ, ಹಾಗಾಗಿ ನೆನಪಿಟ್ಟುಕೊಳ್ಳಿ. ಲಿವರ್ ಕೆಡಿಸುವುದು ಪ್ಯಾರಾಸಿಟಮಾಲ್ ಅಲ್ಲ, ಲಿವರ್ ತಾನೇ ತಯಾರಿಸುವ ಈ ನ್ಯಾಪ್‌ಕ್ವಿ.

ಹಾಗಾದರೆ ಒಂದು ಮಾತ್ರೆ ತಿಂದರೂ ನ್ಯಾಪ್‌ಕ್ವಿ ಹುಟ್ಟುತ್ತದಲ್ವಾ? ಹೌದು, ಹುಟ್ಟುತ್ತದೆ. ನೀವು ಇವತ್ತು ತಲೆನೋವಿಗೆ ಒಂದು ನುಂಗಿದ್ದರೆ ನಿಮ್ಮ ಲಿವರ್‌ನಲ್ಲೂ ಸ್ವಲ್ಪ ಹುಟ್ಟಿದೆ. ಆದರೆ ಹುಟ್ಟಿದ ತಕ್ಷಣ ಅದನ್ನು ಹಿಡಿಯಲು ಅಲ್ಲಿ ಗ್ಲುಟಾಥಯೋನ್ ಕಾದಿರುತ್ತದೆ. ಇದು ಲಿವರ್ ಕೋಶ ತಾನೇ ತಯಾರಿಸಿಕೊಳ್ಳುವ ಪುಟ್ಟ ಅಣು, ಮೂರು ಅಮೈನೋ ಆಮ್ಲಗಳು ಸೇರಿ ಆಗಿರುವಂಥದ್ದು: ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್. ಸಿಸ್ಟೀನ್‌ನಲ್ಲಿರುವ ಗಂಧಕ ಮುಂದೆ ಬಂದು ನ್ಯಾಪ್‌ಕ್ವಿಗೆ ಅಂಟಿಕೊಳ್ಳುತ್ತದೆ. ಇಬ್ಬರೂ ಜೊತೆಯಾಗಿ ಹೊರಗೆ ಹೋಗುತ್ತಾರೆ. ಒಂದು ನ್ಯಾಪ್‌ಕ್ವಿಗೆ ಒಂದು ಗ್ಲುಟಾಥಯೋನ್ ಖರ್ಚು. ವಾಪಸ್ ಬರಲ್ಲ. ಈ ಲೆಕ್ಕ ಮುಖ್ಯ.

ಡೋಸ್ ಜಾಸ್ತಿಯಾದಾಗ ಆಗುವುದು ಸಿಲ್ಕ್ ಬೋರ್ಡ್ ಸಿಗ್ನಲ್ ಕಥೆ. ಮುಖ್ಯರಸ್ತೆ ಕಟ್ಟಿಕೊಂಡರೆ ಗಾಡಿಗಳೆಲ್ಲ ಪಕ್ಕದ ಕ್ರಾಸ್ ರಸ್ತೆಗಳಿಗೆ ನುಗ್ಗುತ್ತವೆ. ಅಲ್ಲಿನ ಮನೆಯವರಿಗೆ ದಿನಕ್ಕೆ ನಾಲ್ಕು ಸ್ಕೂಟರ್ ಹೋದರೆ ಏನೂ ಅನ್ನಿಸಲ್ಲ, ಇಡೀ ಹೊಸೂರು ರಸ್ತೆಯೇ ಬಂದರೆ ಗೇಟು ಮುರಿಯುತ್ತದೆ. ಲಿವರ್‌ನ ಎರಡು ಮುಖ್ಯ ದಾರಿಗಳಲ್ಲಿ, ಅದರಲ್ಲೂ ಗಂಧಕದ ದಾರಿಯಲ್ಲಿ, ಸಾಮಗ್ರಿ ಬೇಗ ಮುಗಿದುಹೋಗುತ್ತದೆ. ಆಗ ನ್ಯಾಪ್‌ಕ್ವಿ ದಾರಿಗೆ ಹೋಗುವ ಪಾಲು ಹೆಚ್ಚುತ್ತದೆ, ಗ್ಲುಟಾಥಯೋನ್ ಖರ್ಚಾಗುತ್ತ ಹೋಗುತ್ತದೆ. ಲಿವರ್ ಹೊಸದು ಮಾಡುತ್ತದೆ, ಆದರೆ ಅಷ್ಟು ವೇಗವಾಗಿ ಅಲ್ಲ, ಯಾಕೆಂದರೆ ಸಿಸ್ಟೀನ್ ಸಾಲದು.

ಇದನ್ನು ಪತ್ತೆ ಮಾಡಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್, ಜಾಲೋ, ಗಿಲೆಟ್, ಬ್ರಾಡಿ ಮುಂತಾದವರು, 1973ರಲ್ಲಿ. ಇಲಿಗಳ ಮೇಲೆ ಮಾಡಿದ ಆ ಪ್ರಯೋಗಗಳು ನನಗೆ ತುಂಬಾ ಇಷ್ಟ. ಅಷ್ಟು ಅಚ್ಚುಕಟ್ಟು. ಇಲಿಗೆ ಪ್ಯಾರಾಸಿಟಮಾಲ್ ಹೆಚ್ಚಿಸುತ್ತ ಹೋದರು. ಗ್ಲುಟಾಥಯೋನ್ ಇಳಿಯುತ್ತ ಹೋಯಿತು, ಆದರೂ ಲಿವರ್‌ಗೆ ಏನೂ ಆಗಲಿಲ್ಲ. ಸಂಗ್ರಹದ ಮುಕ್ಕಾಲು ಭಾಗದಷ್ಟು ಖಾಲಿಯಾದ ಮೇಲೆ ಮಾತ್ರ ಕೋಶದ ಪ್ರೋಟೀನುಗಳಿಗೆ ವಿಷ ಅಂಟಿಕೊಳ್ಳಲು ಶುರುವಾಯಿತು, ಕೋಶಗಳು ಸಾಯತೊಡಗಿದವು. ಆಮೇಲೆ ಅವರು ತಿರುವು ಮುರುವು ಮಾಡಿ ನೋಡಿದರು. ಮೊದಲೇ ಗ್ಲುಟಾಥಯೋನ್ ಖಾಲಿ ಮಾಡಿಟ್ಟರೆ ಕಡಿಮೆ ಡೋಸಿಗೂ ಲಿವರ್ ಸತ್ತಿತು. ಮುಂಚೆಯೇ ಸಿಸ್ಟೀನ್ ಕೊಟ್ಟರೆ ಉಳಿಯಿತು. ವಿಷ ತಯಾರಿಸುವ ಕಿಣ್ವವನ್ನು ತಡೆದರೂ ಉಳಿಯಿತು. ಮದ್ದು ಹೇಗಿರಬೇಕು ಅನ್ನುವುದು ಆ ಇಲಿಗಳಲ್ಲೇ ಗೊತ್ತಾಗಿಹೋಯಿತು.

ಗ್ಲುಟಾಥಯೋನ್ ಸಿಗದ ನ್ಯಾಪ್‌ಕ್ವಿ ಸುಮ್ಮನಿರಲ್ಲ. ಅದಕ್ಕೆ ಬೇಕಾದ್ದು ಸಿಸ್ಟೀನ್‌ನ ಗಂಧಕ. ಕೋಶದ ಪ್ರೋಟೀನುಗಳಲ್ಲೂ ಸಿಸ್ಟೀನ್ ಇದೆಯಲ್ಲ, ಅದಕ್ಕೇ ಹೋಗಿ ಅಂಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೈಟೋಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟುವುದು, ಅಂದರೆ ಕೋಶಕ್ಕೆ ಶಕ್ತಿ ಮಾಡಿಕೊಡುವ ಭಾಗಕ್ಕೆ. ಅಲ್ಲಿ ಆಮ್ಲಜನಕದ ಬಳಕೆ ಹಳಿ ತಪ್ಪುತ್ತದೆ, ಅದರಿಂದ ಮತ್ತಷ್ಟು ಹಾನಿಕರ ವಸ್ತುಗಳು ಹುಟ್ಟುತ್ತವೆ, ಅವು ಕೋಶದ ಅಪಾಯ ಸಂಕೇತಗಳನ್ನು ಎಬ್ಬಿಸುತ್ತವೆ, ಆ ಸಂಕೇತಗಳು ತಿರುಗಿ ಮೈಟೋಕಾಂಡ್ರಿಯಾಕ್ಕೇ ಬಂದು ಹಾನಿಯನ್ನು ಇಮ್ಮಡಿ ಮಾಡುತ್ತವೆ. ಕೊನೆಗೆ ಮೈಟೋಕಾಂಡ್ರಿಯಾದ ಪೊರೆ ತೂತಾಗುತ್ತದೆ. ಶಕ್ತಿ ನಿಲ್ಲುತ್ತದೆ. ಒಳಗಿದ್ದ ಕಿಣ್ವಗಳು ಹೊರಬಿದ್ದು ಕೋಶಕೇಂದ್ರದ ಡಿಎನ್‌ಎಯನ್ನು ಕತ್ತರಿಸುತ್ತವೆ. ಕೋಶ ಊದಿಕೊಂಡು ಒಡೆಯುತ್ತದೆ, ಎಎಲ್‌ಟಿ ರಕ್ತಕ್ಕೆ ಸುರಿಯುತ್ತದೆ.

ಗಮನಿಸಿ, ಈ ಸರಪಳಿಯ ಮೊದಲ ಕೊಂಡಿಯಲ್ಲಿ ಮಾತ್ರ ನ್ಯಾಪ್‌ಕ್ವಿ ಇದೆ. ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ, ಪ್ಯಾರಾಸಿಟಮಾಲ್ ರಕ್ತದಿಂದ ಪೂರ್ತಿ ಹೋದ ಮೇಲೂ.

ಇಷ್ಟೆಲ್ಲ ನಡೆಯುವಾಗ ರೋಗಿ ಹೇಗಿರುತ್ತಾನೆ? ಆರಾಮಾಗಿರುತ್ತಾನೆ! ಇದೇ ದೊಡ್ಡ ಮೋಸ. ಮೊದಲ ದಿನ ಸ್ವಲ್ಪ ವಾಕರಿಕೆ, ವಾಂತಿ, ಬೆವರು. ಕೆಲವರಿಗೆ ಅದೂ ಇಲ್ಲ. ಎರಡನೇ ದಿನ ಹೊಟ್ಟೆ ಸರಿಯಾದಂತೆ ಅನಿಸುತ್ತದೆ, ಮನೆಯವರು "ಸಾರ್, ಈಗ ಚೆನ್ನಾಗಿದಾನೆ, ಡಿಸ್ಚಾರ್ಜ್ ಮಾಡ್ಬಿಡಿ" ಅಂತ ಕೇಳುವುದು ಸರಿಯಾಗಿ ಅದೇ ಹೊತ್ತಿಗೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಎಎಲ್‌ಟಿ ಏರುತ್ತಿರುತ್ತದೆ, ಬಲಗಡೆ ಪಕ್ಕೆಯ ಕೆಳಗೆ ನೋವು ಶುರುವಾಗಿರುತ್ತದೆ. ಮೂರು ನಾಲ್ಕನೇ ದಿನಕ್ಕೆ ಹಾನಿ ತುದಿ ಮುಟ್ಟುತ್ತದೆ: ಎಎಲ್‌ಟಿ ಸಾವಿರಗಟ್ಟಲೆ, ಕಣ್ಣು ಹಳದಿ, ರಕ್ತ ಹೆಪ್ಪುಗಟ್ಟುವುದು ತಡ, ಕೆಲವರಲ್ಲಿ ಕಿಡ್ನಿಯೂ ಕೈಕೊಡುತ್ತದೆ, ಮಾತು ತೊದಲಿ ಮಂಪರು ಬರುತ್ತದೆ. ಇದನ್ನು ದಾಟಿದವರ ಲಿವರ್ ಮತ್ತೆ ಬೆಳೆದು ಪೂರ್ತಿ ಸರಿಹೋಗುತ್ತದೆ, ಅದು ಲಿವರ್‌ನ ದೊಡ್ಡ ಗುಣ. ದಾಟಲು ಆಗದವರಿಗೆ ಲಿವರ್ ಕಸಿಯೊಂದೇ ದಾರಿ.

ಹಾಗಾಗಿ ಲಕ್ಷಣ ಕಾಣಲಿ, ಆಮೇಲೆ ನೋಡೋಣ ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ. ಲಕ್ಷಣ ಕಾಣುವ ಹೊತ್ತಿಗೆ ಎಂಟು ಗಂಟೆ ಯಾವಾಗಲೋ ಕಳೆದಿರುತ್ತದೆ.

ಈಗ ಮದ್ದಿಗೆ ಬರೋಣ. ಗ್ಲುಟಾಥಯೋನ್ ಕಮ್ಮಿಯಾಗಿದೆ, ಸರಿ, ಅದನ್ನೇ ಚುಚ್ಚಬಹುದಲ್ವಾ? ಆಗಲ್ಲ, ಅದು ಕೋಶದೊಳಗೆ ಸುಲಭವಾಗಿ ನುಗ್ಗಲ್ಲ. ಕೋಶಕ್ಕೆ ಬೇಕಿರುವುದು ಸಿಸ್ಟೀನ್. ಎಡಿನ್‌ಬರೋದಲ್ಲಿ ಪ್ರೆಸ್ಕಾಟ್ ತಂಡ 1974ರಲ್ಲಿ ಮೊದಲು ಕೊಟ್ಟು ನೋಡಿದ್ದು ಸಿಸ್ಟೀನ್‌ಗೆ ಹತ್ತಿರದ ಸಿಸ್ಟಿಯಮೀನ್. ಲಿವರ್ ಉಳಿಯಿತು, ಆದರೆ ರೋಗಿಗಳಿಗೆ ವಿಪರೀತ ವಾಂತಿ, ಹಿಂಸೆ. ಆಮೇಲೆ ಎನ್-ಅಸಿಟೈಲ್ ಸಿಸ್ಟೀನ್‌ಗೆ ಬಂದರು. ನಾವೆಲ್ಲ ಎನ್‌ಎಸಿ ಅಂತೀವಿ. ಅದು ಆಗಲೇ ಕಫ ಕರಗಿಸುವ ಔಷಧವಾಗಿ ಬಳಕೆಯಲ್ಲಿತ್ತು. ಕೊಳೆತ ಮೊಟ್ಟೆಯ ವಾಸನೆ, ಗಂಧಕ ಇದೆಯಲ್ಲ. ಕೋಶದೊಳಗೆ ಹೋಗಿ ಸಿಸ್ಟೀನ್ ಆಗುತ್ತದೆ, ಸಿಸ್ಟೀನ್‌ನಿಂದ ಹೊಸ ಗ್ಲುಟಾಥಯೋನ್, ಅದು ನ್ಯಾಪ್‌ಕ್ವಿಯನ್ನು ಹಿಡಿಯುತ್ತದೆ.

ಈಗ ಎಂಟು ಗಂಟೆ ಯಾಕೆ ಅನ್ನುವುದು ನಿಮಗೇ ಹೊಳೆದಿರಬೇಕು. ನುಂಗಿದ್ದು ರಕ್ತಕ್ಕೆ ಸೇರಲು ಸ್ವಲ್ಪ ಹೊತ್ತು ಬೇಕು. ನ್ಯಾಪ್‌ಕ್ವಿ ಹುಟ್ಟುವುದೂ ಒಮ್ಮೆಲೇ ಅಲ್ಲ, ಗಂಟೆಗಟ್ಟಲೆ ನಿಧಾನವಾಗಿ. ಅಷ್ಟು ಹೊತ್ತು ಸಂಗ್ರಹದಲ್ಲಿದ್ದ ಗ್ಲುಟಾಥಯೋನ್ ತಡೆದು ನಿಲ್ಲುತ್ತದೆ. ಅದು ಅಪಾಯದ ಮಟ್ಟಕ್ಕೆ ಇಳಿಯುವ ಮುಂಚೆ ಎನ್‌ಎಸಿ ಬಂದರೆ ಒಂದೇ ಒಂದು ಪ್ರೋಟೀನಿಗೂ ದೊಡ್ಡ ಪೆಟ್ಟು ಬೀಳಲ್ಲ. ತಡವಾಗಿ ಬಂದರೆ, ಮೈಟೋಕಾಂಡ್ರಿಯಾಕ್ಕೆ ಆಗಲೇ ಅಂಟಿದ್ದನ್ನು ಬಿಡಿಸುವ ಶಕ್ತಿ ಎನ್‌ಎಸಿಗೆ ಇಲ್ಲ. ಇನ್ನೂ ಒಂದು ಮಾತು, ಇದರಲ್ಲಿ ಸಮಾಧಾನವಿದೆ: ಎರಡನೇ ಗಂಟೆಗೆ ಕೊಟ್ಟರೂ ಏಳನೇ ಗಂಟೆಗೆ ಕೊಟ್ಟರೂ ಫಲ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಬೇಗ ಬಂದವರಲ್ಲಿ ಮದ್ದು ಬೇಕೋ ಬೇಡವೋ ಎಂದು ಪರೀಕ್ಷೆ ಮಾಡಿ ನಿರ್ಧರಿಸಲು ವೈದ್ಯರಿಗೆ ಸಮಯ ಸಿಗುತ್ತದೆ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. 60 ಕೆ.ಜಿ. ತೂಕದ ಯುವತಿ, ಸಂಜೆ ಆರು ಗಂಟೆಗೆ ಒಮ್ಮೆಲೇ ಜಾಸ್ತಿ ನುಂಗಿದ್ದಾಳೆ. ಎಂಟೂವರೆಗೆ ಅಕ್ಕನಿಗೆ ಗೊತ್ತಾಗಿ, ಖಾಲಿ ಸ್ಟ್ರಿಪ್‌ಗಳ ಸಮೇತ ಒಂಬತ್ತಕ್ಕೆ ಎಮರ್ಜೆನ್ಸಿಗೆ ಕರೆತರುತ್ತಾಳೆ. ಸ್ಟ್ರಿಪ್ ತಂದಿದ್ದು ಬಹಳ ಒಳ್ಳೆಯದು, ಅದರಲ್ಲಿ ಇನ್ನೇನು ಸೇರಿದೆ ಅಂತ ಗೊತ್ತಾಗುತ್ತದೆ. ಆಗ ರಕ್ತ ತೆಗೆದು ಪ್ಯಾರಾಸಿಟಮಾಲ್ ಅಳೆದರೆ? ಉಪಯೋಗವಿಲ್ಲ. ಹೊಟ್ಟೆಯಿಂದ ಇನ್ನೂ ಏರುತ್ತಿರಬಹುದು. ನಾಲ್ಕು ಗಂಟೆ ಆಗಬೇಕು, ಅಂದರೆ ರಾತ್ರಿ ಹತ್ತಕ್ಕೆ. ಹತ್ತಕ್ಕೆ ತೆಗೆದ ರಕ್ತದಲ್ಲಿ ಒಂದು ಮಿಲಿಲೀಟರ್‌ಗೆ 210 ಮೈಕ್ರೋಗ್ರಾಂ ಇದೆ ಅಂತಿಟ್ಟುಕೊಳ್ಳಿ. ಇದನ್ನು 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಪ್ರಕಟಿಸಿದ ನಕ್ಷೆಯ ಪಕ್ಕ ಇಟ್ಟು ನೋಡುತ್ತಾರೆ. ಅದರ ಚಿಕಿತ್ಸೆ ಗೆರೆ ಹಲವು ದೇಶಗಳಲ್ಲಿ ಈಗ ನಾಲ್ಕನೇ ಗಂಟೆಗೆ 150ರಿಂದ ಹೊರಡುತ್ತದೆ. ಪ್ರತಿ ನಾಲ್ಕು ಗಂಟೆಗೆ ಅರ್ಧವಾಗುತ್ತ ಇಳಿಯುತ್ತದೆ: ಎಂಟನೇ ಗಂಟೆಗೆ 75, ಹನ್ನೆರಡನೇ ಗಂಟೆಗೆ 37ರ ಆಸುಪಾಸು. ಬ್ರಿಟನ್ನಿನಲ್ಲಿ 2012ರಿಂದ ಗೆರೆಯನ್ನು ಇನ್ನೂ ಕೆಳಗೆ, 100ಕ್ಕೆ ಇಳಿಸಿದ್ದಾರೆ. ಇವಳದ್ದು ಯಾವ ಲೆಕ್ಕದಲ್ಲೂ ಗೆರೆಯ ಮೇಲೆ. ಹನ್ನೊಂದಕ್ಕೆ ಎನ್‌ಎಸಿ ಶುರು. ಆಗ ಐದನೇ ಗಂಟೆ.

ಹಳೆಯ, ಈಗಲೂ ಹೆಚ್ಚು ಕಡೆ ಇರುವ ಕ್ರಮ 21 ಗಂಟೆಯದು. ಕೆ.ಜಿ.ಗೆ 150 ಮಿ.ಗ್ರಾಂ ಮೊದಲ ಒಂದು ಗಂಟೆಯಲ್ಲಿ, 50 ಮಿ.ಗ್ರಾಂ ಮುಂದಿನ ನಾಲ್ಕು ಗಂಟೆಯಲ್ಲಿ, 100 ಮಿ.ಗ್ರಾಂ ಆಮೇಲಿನ 16 ಗಂಟೆಯಲ್ಲಿ. ಇವಳಿಗೆ 9 ಗ್ರಾಂ, 3 ಗ್ರಾಂ, 6 ಗ್ರಾಂ. ಮೊದಲ ಡ್ರಿಪ್ ಹೋಗುವಾಗ ಮೈ ಕೆಂಪಾಗಿ ತುರಿಕೆ ಬರಬಹುದು, ಕೆಲವರಿಗೆ ಉಬ್ಬಸ ಕೂಡ. ಮನೆಯವರು ಅಲರ್ಜಿ ಅಂತ ಹೆದರುತ್ತಾರೆ. ಇದು ನಿಜವಾದ ಅಲರ್ಜಿ ಅಲ್ಲ, ವೇಗದ ಸಮಸ್ಯೆ. ಡ್ರಿಪ್ ನಿಲ್ಲಿಸಿ, ತುರಿಕೆಗೆ ಔಷಧ ಕೊಟ್ಟು, ನಿಧಾನವಾಗಿ ಮತ್ತೆ ಶುರು ಮಾಡುತ್ತಾರೆ. ಆಗಲ್ಲ ಅಂತ ಪೂರ್ತಿ ಬಿಟ್ಟುಬಿಡುವುದೇ ದೊಡ್ಡ ತಪ್ಪು. 21 ಗಂಟೆ ಮುಗಿದ ಮೇಲೆ ಎಎಲ್‌ಟಿ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡ ಅಂತ ತೋರಿಸುವ ಐಎನ್ಆರ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಮತ್ತೆ ನೋಡಿ, ಪ್ಯಾರಾಸಿಟಮಾಲ್ ಖಾಲಿಯಾಗಿದೆಯಾ ಅಂತ ನೋಡಿ, ಎಲ್ಲ ಸರಿ ಇದ್ದರೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಮುಂದುವರಿಸುತ್ತಾರೆ. ಮನೆಗೆ ಕಳಿಸುವ ಮುಂಚೆ ಮನೋವೈದ್ಯರು ಮಾತಾಡಿಸುವುದೂ ಚಿಕಿತ್ಸೆಯೇ.

ಇವಳು ಬೆಳಗ್ಗೆ ಐದಕ್ಕೆ ಬಂದಿದ್ದರೆ? ಆಗ ಹನ್ನೊಂದು ಗಂಟೆ ಕಳೆದಿರುತ್ತದೆ. ವರದಿ ಬರಲಿ ಅಂತ ಕಾಯುವ ಹಾಗಿಲ್ಲ. ಮೊದಲು ಎನ್‌ಎಸಿ, ಆಮೇಲೆ ಪರೀಕ್ಷೆಯ ಮಾತು. ಪ್ಯಾರಾಸಿಟಮಾಲ್ ಅಳೆಯುವ ಸೌಲಭ್ಯ ಇಲ್ಲದ ಊರಿನ ಆಸ್ಪತ್ರೆಯಲ್ಲೂ ಹಾಗೇ, ಹೇಳಿಕೆಯ ಮೇಲೆ ಶುರು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸುವುದು ಸರಿ.

ಆದರೆ ಹದಿನೈದು ಗಂಟೆ ದಾಟಿದರೆ ಪ್ರಯೋಜನವೇ ಇಲ್ಲ ಎಂಬ 1979ರ ಮಾತನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. 1991ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಆಗಲೇ ಲಿವರ್ ಕೈಕೊಟ್ಟಿದ್ದ 50 ರೋಗಿಗಳನ್ನು ಎರಡು ಗುಂಪು ಮಾಡಿದರು. ಎನ್‌ಎಸಿ ಪಡೆದ 25ರಲ್ಲಿ 12 ಜನ ಬದುಕಿದರು, ಪಡೆಯದ 25ರಲ್ಲಿ 5 ಜನ. ಆ ಹಂತದಲ್ಲಿ ಹಿಡಿಯಲು ನ್ಯಾಪ್‌ಕ್ವಿ ಉಳಿದಿರಲ್ಲ. ಅಂಗಾಂಗಗಳಿಗೆ ರಕ್ತ, ಆಮ್ಲಜನಕ ತಲುಪುವುದನ್ನು ಎನ್‌ಎಸಿ ಸುಧಾರಿಸುತ್ತದೆ ಎಂಬುದು ಒಂದು ವಿವರಣೆ. ಅಂದರೆ ತಡವಾಯ್ತು ಅಂತ ಕೈಬಿಡಬಾರದು, ಆದರೆ ಬೇಗ ಕೊಟ್ಟಾಗ ಸಿಗುವ ಫಲವೇ ಬೇರೆ.

ಸಭೆಯಿಂದ ಬಂದ ಮೊದಲ ಪ್ರಶ್ನೆ ಒಬ್ಬ ಔಷಧ ಅಂಗಡಿಯವರದ್ದು: "ಒಮ್ಮೆಲೇ ನುಂಗದೆ ಜ್ವರಕ್ಕೆ ಅಂತ ತಿಂದು ತಿಂದು ಜಾಸ್ತಿಯಾದರೆ?" ತುಂಬಾ ಸರಿಯಾದ ಪ್ರಶ್ನೆ. ಜ್ವರಕ್ಕೆ 650ರ ಮಾತ್ರೆ ದಿನಕ್ಕೆ ನಾಲ್ಕು, 2.6 ಗ್ರಾಂ. ನೆಗಡಿ ಮಾತ್ರೆ ಮೂರು, ಒಂದೊಂದರಲ್ಲಿ 500 ಮಿ.ಗ್ರಾಂ, ಅಲ್ಲಿಗೆ 1.5 ಗ್ರಾಂ. ಮೈಕೈ ನೋವಿನ ಮಾತ್ರೆ ಮೂರು, ಅದರಲ್ಲೂ 325ರಂತೆ ಪ್ಯಾರಾಸಿಟಮಾಲ್ ಇದೆ, ಸುಮಾರು 1 ಗ್ರಾಂ. ಮೂರು ಬೇರೆ ಬೇರೆ ಹೆಸರು, ಒಟ್ಟು 5 ಗ್ರಾಂ ದಾಟಿತು, ತಿಂದವರಿಗೆ ಗೊತ್ತೇ ಇಲ್ಲ. ಜ್ವರದಲ್ಲಿ ಊಟ ಸೇರಲ್ಲ, ಹಾಗಾಗಿ ಗ್ಲುಟಾಥಯೋನ್ ಸಂಗ್ರಹವೂ ಇಳಿದಿರುತ್ತದೆ. ನಿತ್ಯ ಕುಡಿಯುವವರಲ್ಲಿ ಸಿವೈಪಿ2ಇ1 ಕಿಣ್ವವೂ ಜಾಸ್ತಿ. ಇಂಥವರಿಗೆ ಆ ನಕ್ಷೆ ಕೆಲಸಕ್ಕೆ ಬರಲ್ಲ, ಶುರುವಾದ ಗಂಟೆ ಯಾವುದು ಅಂತಲೇ ಇಲ್ಲವಲ್ಲ. ರಕ್ತದಲ್ಲಿ ಪ್ಯಾರಾಸಿಟಮಾಲ್ ಇನ್ನೂ ಉಳಿದಿದೆಯಾ, ಎಎಲ್‌ಟಿ ಏರಿದೆಯಾ ಎಂದು ನೋಡಿ ಮದ್ದು ಕೊಡುತ್ತಾರೆ. ಅಂಗಡಿಯವರು ಸ್ಟ್ರಿಪ್ ಕೊಡುವಾಗ "ಇದರಲ್ಲೂ ಪ್ಯಾರಾಸಿಟಮಾಲ್ ಇದೆ, ಎರಡೂ ಒಟ್ಟಿಗೆ ಬೇಡ" ಅಂತ ಒಂದು ಮಾತು ಹೇಳಿದರೆ ಸಾಕು.

ಮಕ್ಕಳ ಬಗ್ಗೆ ಒಬ್ಬ ತಾಯಿ ಕೇಳಿದರು. ಅಲ್ಲಿ ಎಡವಟ್ಟಾಗುವುದು ಡ್ರಾಪ್ಸ್ ಮತ್ತು ಸಿರಪ್ ನಡುವೆ. ನಮ್ಮಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ ಅದಕ್ಕಿಂತ ಬಹಳ ತೆಳು. ಸಿರಪ್ ಐದು ಮಿ.ಲೀ. ಅಂತ ರೂಢಿಯಾದವರು ಡ್ರಾಪ್ಸ್ ಬಾಟಲಿಯಿಂದ ಐದು ಮಿ.ಲೀ. ಹಾಕಿದರೆ 500 ಮಿ.ಗ್ರಾಂ ಹೋಯಿತು, 10 ಕೆ.ಜಿ. ಮಗುವಿಗೆ ಒಂದು ಸಲಕ್ಕೆ ಬೇಕಾದ್ದು 150. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ, ಅದರ ಜೊತೆ ಬಂದ ಅಳತೆಯನ್ನೇ ಬಳಸಿ.

"ವಾಂತಿ ಮಾಡಿಸಬಹುದಾ?" ಬೇಡ. ಉಪ್ಪುನೀರು ಕುಡಿಸುತ್ತ ಮನೆಯಲ್ಲಿ ಕಳೆಯುವ ಒಂದು ಗಂಟೆಯೂ ಆ ಎಂಟರಿಂದಲೇ ಹೋಗುವುದು. ಆಸ್ಪತ್ರೆಗೆ ಬೇಗ ಬಂದರೆ ವಿಷ ಹೀರುವ ಇದ್ದಿಲ ಪುಡಿಯನ್ನು ಅಲ್ಲೇ ಕೊಡುತ್ತಾರೆ. ಬೇಕೆಂದೇ ನುಂಗಿದವರನ್ನು ದಾರಿಯಲ್ಲಿ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಇನ್ನೂ ನುಂಗಿಲ್ಲ, ಆದರೆ ಅಂಥ ಯೋಚನೆ ಬರುತ್ತಿದೆ ಅನ್ನುವವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ಒಬ್ಬ ಹುಡುಗ ಎದ್ದು, ಕೆಮ್ಮಿಗೆ ಕೊಡುವ ಎನ್‌ಎಸಿ ಮಾತ್ರೆ ಅಂಗಡಿಯಲ್ಲೇ ಸಿಗುತ್ತಲ್ಲ, ಮನೆಯಲ್ಲೇ ತಗೊಂಡ್ರೆ ಆಗಲ್ವಾ ಅಂದ. ಬಾಯಿಯಿಂದ ಕೊಡುವ ಕ್ರಮವೂ ಇದೆ, ನಿಜ. ಆದರೆ 60 ಕೆ.ಜಿ.ಯವರಿಗೆ ಅದರ ಮೊದಲ ಡೋಸ್ 8.4 ಗ್ರಾಂ, 600ರ ಮಾತ್ರೆಯಾದರೆ 14. ಆಮೇಲೆ ಪ್ರತಿ ನಾಲ್ಕು ಗಂಟೆಗೆ ಅದರ ಅರ್ಧ, 17 ಸಲ, ಮೂರು ದಿನ. ಆಗಲೇ ವಾಕರಿಸುತ್ತಿರುವವನಿಗೆ ಕೊಳೆತ ಮೊಟ್ಟೆ ವಾಸನೆಯ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ನಿಂತರೂ ಲಿವರ್, ಕಿಡ್ನಿ, ಐಎನ್ಆರ್ ಎಲ್ಲಿಗೆ ಹೋಗುತ್ತಿದೆ ಅಂತ ಮನೆಯಲ್ಲಿ ನೋಡುವವರಿಲ್ಲ. ಆ ಹುಡುಗ "ಹಂಗಾದ್ರೆ ಆಟೋ ಹತ್ತೋದೇ ಸರಿ" ಅಂದ. ಹೌದು, ಖಾಲಿ ಸ್ಟ್ರಿಪ್ ಜೇಬಿಗೆ ಹಾಕಿಕೊಂಡು, ಎಷ್ಟು ಗಂಟೆಗೆ ನುಂಗಿದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೊರಡಿ, ನಾವು ಕೇಳುವ ಮೊದಲ ಪ್ರಶ್ನೆಯೇ ಅದು.